ಮೂರು ತೂತು, ನಾಲ್ಕು ನೆಂಟರು

"ಹಳೇ ಟಿವಿ ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ ಸಾಹೇಬ್ರೇ, ಹೊಸದರಲ್ಲಿ ನಾಲ್ಕು ಪೋರ್ಟು ಬರ್ತದೆ" ಅಂದ ಅಂಗಡಿಯವ. ಹಿಂದಿಯಲ್ಲಿ ಅಂದದ್ದು, ನಾನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಹಳೇ ಟಿವಿಗೆ ಏನಾಗಿದೆ ಅಂತ ಅವನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಏನೂ ಆಗಿಲ್ಲ ಅಂತ. ಚಿತ್ರ ಚೆನ್ನಾಗಿಯೇ ಬರುತ್ತದೆ. ಹಿಂದುಗಡೆ ಒಂದೇ ಒಂದು ತೂತು ಕಡಿಮೆ ಬಿದ್ದಿದೆ. ಒಂದು ತೂತಿಗೋಸ್ಕರ ನಲವತ್ತು ಸಾವಿರ ಕೊಡುವುದೇ? ಊರಲ್ಲಿ ನಮ್ಮ ಅಜ್ಜಿ ನೆಂಟರು ಜಾಸ್ತಿ ಬಂದರೆ ಚಾಪೆ ಹಾಸುತ್ತಿದ್ದಳು, ಮನೆ ಕೆಡವಿ ದೊಡ್ಡದು ಕಟ್ಟುತ್ತಿರಲಿಲ್ಲ.

ವಿಷಯ ಇಷ್ಟೇ. ನಮ್ಮ ಮನೆಯದು 43 ಇಂಚಿನ 4ಕೆ ಟಿವಿ. ಹಿಂದೆ ಮೂರು ಎಚ್‌ಡಿಎಂಐ ಪೋರ್ಟು. ಒಂದಕ್ಕೆ ಸೌಂಡ್‌ಬಾರ್ ಅಂಟಿಕೊಂಡಿದೆ. ಉಳಿದದ್ದು ಎರಡು, ಕಾಯುತ್ತಿರುವವರು ಮೂವರು. ಅಮ್ಮನ ಕನ್ನಡ ಚಾನೆಲ್ಲುಗಳಿರುವ ಸೆಟ್‌ಟಾಪ್ ಬಾಕ್ಸು, ಮಗನ ಪ್ಲೇಸ್ಟೇಷನ್ 5, ಮತ್ತೆ ಸಿನಿಮಾ ನೋಡುವ ಸ್ಟಿಕ್ಕು. ಸ್ಮಾರ್ಟ್ ಟಿವಿಗೆ ಸ್ಟಿಕ್ ಯಾಕೆ ಅಂತ ಕೇಳಬೇಡಿ. ಟಿವಿಯ ಪರದೆಗೆ ವಯಸ್ಸಾಗುವ ಮೊದಲೇ ಅದರ ಬುದ್ಧಿಗೆ ವಯಸ್ಸಾಗುತ್ತದೆ. ನಾಲ್ಕು ವರ್ಷಕ್ಕೆ ಒಳಗಿನ ಆಪ್‌ಗಳು ತೆವಳಲು ಶುರು ಮಾಡಿದವು, ಒಂದೆರಡು ಅಪ್‌ಡೇಟೇ ಬರುವುದಿಲ್ಲ ಅಂದವು. ಸ್ಟಿಕ್ ಬಂದದ್ದು ಹಾಗೆ.

ಸುಮಾರು ನಾಲ್ಕು ತಿಂಗಳು ನಾವು ಮಾಡಿದ್ದು, ನಿಮ್ಮಲ್ಲಿ ಹಲವರು ಈಗಲೂ ಮಾಡುತ್ತಿರುವುದು: ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವುದು. ಗೋಡೆಗೆ ಅಂಟಿದ ಟಿವಿಯ ಹಿಂದೆ ಕೈ ತೂರಿಸಿ, ಕಾಣದೆ ತಡಕಾಡಿ, ಓರೆಯಾಗಿ ಒತ್ತುವುದು. ಈ ಪೋರ್ಟುಗಳು ಟಿವಿಯ ಮುಖ್ಯ ಬೋರ್ಡಿಗೇ ಬೆಸೆದಿರುತ್ತವೆ. ಓರೆ ಒತ್ತಿದಷ್ಟೂ ಆ ಬೆಸುಗೆ ಅಲ್ಲಾಡುತ್ತದೆ. ನಮ್ಮದೂ ಅಲ್ಲಾಡಿತು. ಕೇಬಲ್ ಸ್ವಲ್ಪ ಜೋತರೆ ಚಿತ್ರ ಮಾಯ, ಎತ್ತಿ ಹಿಡಿದರೆ ಪ್ರತ್ಯಕ್ಷ. ರಿಪೇರಿಯವ ಬಂದು ಮತ್ತೆ ಬೆಸುಗೆ ಹಾಕಿ 900 ರೂಪಾಯಿ ತೆಗೆದುಕೊಂಡ. "ಇನ್ನೊಮ್ಮೆ ಹೋದರೆ ಬೋರ್ಡೇ ಬದಲಿಸಬೇಕಾದೀತು" ಅಂತ ಎಚ್ಚರಿಕೆಯನ್ನೂ ಕೊಟ್ಟ.

ಆದರೆ ನನಗೆ ನಾಟಿದ್ದು ಆ 900 ಅಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮ ಟಿವಿ ಹಾಕುವುದನ್ನೇ ಬಿಟ್ಟಿದ್ದಳು. ಹಿಂದಿನ ರಾತ್ರಿ ಮಗ ಬಾಕ್ಸಿನ ಕೇಬಲ್ ಕಿತ್ತಿರುತ್ತಾನೆ, 78ರ ಅಮ್ಮ ಟಿವಿಯ ಹಿಂದೆ ಬಗ್ಗುವ ಹಾಗಿಲ್ಲ. "ಎಂತ ಮಾರಾಯ, ಈ ಊರಲ್ಲಿ ನಂಗೆ ಕನ್ನಡ ಕೇಳ್ಲಿಕ್ಕೆ ಇರೂದು ಅದೊಂದೇ" ಅಂದಳು ಒಂದು ದಿನ. ದೂರು ಹೇಳುವ ದನಿಯಲ್ಲಿ ಅಲ್ಲ, ಸುಮ್ಮನೆ. ಅವತ್ತೇ ತೀರ್ಮಾನ ಮಾಡಿದೆ, ಇದಕ್ಕೊಂದು ಗತಿ ಕಾಣಿಸಬೇಕು ಅಂತ.

ಸಲಹೆಗಳಿಗೇನು ಬರ? ಅಂಗಡಿಯವನದ್ದು ಹೇಳಿದೆ. ಕಟ್ಟಡದ ಕೇಬಲ್ ಹುಡುಗ, ಬಾಕ್ಸನ್ನು ಹಳದಿ-ಕೆಂಪು-ಬಿಳಿ ತಂತಿಯಲ್ಲಿ ಕೊಡಿ ಅಂದ. ಕೊಟ್ಟು ನೋಡಿದೆವು. ಆ ತಂತಿಯಲ್ಲಿ ಬರುವುದು ಹಳೇ ಕಾಲದ 576 ಗೆರೆಯ ಚಿತ್ರ. 43 ಇಂಚಿಗೆ ಎಳೆದಾಗ ಮುಖಗಳೆಲ್ಲ ನೀರಲ್ಲಿ ನೆಂದ ಹಾಗೆ, ಸುದ್ದಿಯ ಕೆಳಗೆ ಓಡುವ ಅಕ್ಷರ ಅಮ್ಮನಿಗೆ ಓದಲಾಗಲಿಲ್ಲ. ಪುಣೆಯಲ್ಲಿ ಸಾಫ್ಟ್‌ವೇರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಮಾವ, ಸ್ವಿಚ್ಚು ಗಿಚ್ಚು ಎಲ್ಲ ಡಬ್ಬಾ. ತಗೊಳ್ಳುವುದಾದರೆ ಒಂದು ಎವಿ ರಿಸೀವರ್ ತಗೊಳ್ಳಿ." ಅದರ ಬೆಲೆ ಕೇಳಿದೆ. ಅದಕ್ಕಿಂತ ಅಂಗಡಿಯವನ ಹೊಸ ಟಿವಿಯೇ ವಾಸಿ!

ನನ್ನ ವಾದ ಏನೆಂದರೆ, ಇವರೆಲ್ಲರೂ ತಪ್ಪು. ಸ್ವಿಚ್ಚಿನಿಂದಲೇ ಕೆಲಸ ಆಗುತ್ತದೆ, ಸಾವಿರದೈನೂರರ ಒಳಗೆ ಆಗುತ್ತದೆ. ಆದರೆ ಮೂರನ್ನೂ ತಂದು ಸ್ವಿಚ್ಚಿಗೆ ತುರುಕುವವರೂ ತಪ್ಪು. ಯಾರನ್ನು ಚಾಪೆಯ ಮೇಲೆ ಕೂರಿಸಬೇಕು, ಯಾರಿಗೆ ಕುರ್ಚಿ ಕೊಡಬೇಕು ಅನ್ನುವುದೇ ಇಲ್ಲಿರುವ ವಿದ್ಯೆ. ನಾನು ಮೊದಲು ಅದನ್ನು ತಪ್ಪಿ ಮಾಡಿದೆ, ಆಮೇಲೆ ಕಲಿತೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಸ್ವಿಚ್ ಬೇರೆ, ಸ್ಪ್ಲಿಟರ್ ಬೇರೆ. ಸ್ವಿಚ್ಚಿನಲ್ಲಿ ಹಲವು ಒಳದಾರಿ, ಒಂದು ಹೊರದಾರಿ. ಸ್ಪ್ಲಿಟರಿನಲ್ಲಿ ಒಂದು ಒಳದಾರಿ, ಹಲವು ಹೊರದಾರಿ, ಒಂದೇ ಬಾಕ್ಸಿನ ಚಿತ್ರವನ್ನು ಎರಡು ಟಿವಿಗೆ ಹಂಚುವುದಕ್ಕೆ. ನೋಡಲು ಅವಳಿ ಜವಳಿ, ಅಂಗಡಿಗಳಲ್ಲಿ ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ. ಹೆಸರು ನಂಬಬೇಡಿ, ಡಬ್ಬಿಯ ಮೈಮೇಲೆ ಇನ್ ಎಷ್ಟು, ಔಟ್ ಎಷ್ಟು ಅಂತ ಎಣಿಸಿ. ನಮಗೆ ಬೇಕಾದ್ದು ಮೂರು ಇನ್, ಒಂದು ಔಟ್.

ಲ್ಯಾಮಿಂಗ್ಟನ್ ರೋಡಿನಿಂದ ನಾನು ಮೊದಲು ತಂದದ್ದು 350 ರೂಪಾಯಿಯ ಡಬ್ಬಿ. ಮೂರು ಇನ್, ಬಾಲದ ಹಾಗೆ ಒಂದು ಗಿಡ್ಡ ಕೇಬಲ್, ಮೇಲೊಂದು ಗುಂಡಿ. ಮೈಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿತ್ತು. ಮೂರನ್ನೂ ಅದಕ್ಕೆ ಹಾಕಿದೆ, ಟಿವಿಯ ಒಂದು ಪೋರ್ಟಿಗೆ ಕೊಟ್ಟೆ, ಇನ್ನೊಂದು ಪೋರ್ಟು ಖಾಲಿ ಬಿಟ್ಟೆ. ನೋಡಿ ಎಂಥಾ ಜಾಣತನ! ಖಾಲಿ ಕುರ್ಚಿ ಇಟ್ಟುಕೊಂಡು ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದ್ದೆ.

ಅಂದು ಸಂಜೆಯೇ ಮಗನ ಗೋಳು. "ಪಪ್ಪಾ, ಗೇಮ್ ಅಟಕ್ ಅಟಕ್ ಕಾಣ್ತಿದೆ." ಪ್ಲೇಸ್ಟೇಷನ್ನಿನ `Settings > Screen and Video > Video Output` ಒಳಗೆ, ಈಗ ಹೊರಗೆ ಹೋಗುತ್ತಿರುವ ಸಿಗ್ನಲ್ ಯಾವುದು ಅಂತ ತೋರಿಸುವ ಜಾಗವಿದೆ. ಅಲ್ಲಿ `3840 x 2160 - 30Hz` ಅಂತ ಇತ್ತು. ಡಬ್ಬಿ ಸುಳ್ಳು ಹೇಳಿರಲಿಲ್ಲ, 4ಕೆ ನಿಜವೇ. ಆದರೆ ಸೆಕೆಂಡಿಗೆ 60 ಚಿತ್ರದ ಬದಲು 30 ಮಾತ್ರ. ಅರ್ಧ ಸತ್ಯ ಅಂದರೆ ಇದೇ.

ಯಾಕೆ ಹೀಗೆ? ಎಚ್‌ಡಿಎಂಐ ಕೇಬಲ್ಲನ್ನು ನೀರಿನ ಪೈಪು ಅಂತ ಇಟ್ಟುಕೊಳ್ಳಿ. ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 60ರಂತೆ ಹರಿಯಲು ಸುಮಾರು 4.5 ಗಿಗಾಬಿಟ್ ಸಾಕು. 4ಕೆ ಚಿತ್ರ 30ರಂತೆ ಹರಿಯಲು ಸುಮಾರು 9 ಬೇಕು. ಅದೇ 4ಕೆ 60ರಂತೆ ಹರಿಯಬೇಕಾದರೆ ಸುಮಾರು 18. 2009ರಲ್ಲಿ ಬಂದ ಎಚ್‌ಡಿಎಂಐ 1.4ರ ಪೈಪಿನಲ್ಲಿ 10.2 ಮಾತ್ರ ಹೋಗುತ್ತದೆ. 18 ಹೋಗುವ ಪೈಪು ಬಂದದ್ದು 2013ರ ಎಚ್‌ಡಿಎಂಐ 2.0ರಲ್ಲಿ. ನನ್ನ ಅಗ್ಗದ ಡಬ್ಬಿ ಆ ಹಳೇ ಜಾತಿಯದ್ದು. ಅಮ್ಮನ ಬಾಕ್ಸಿಗೆ ಅದು ಬೇಕಾದಷ್ಟಾಯಿತು, ಮಗನ ಯಂತ್ರಕ್ಕೆ ಕುತ್ತಿಗೆ ಹಿಸುಕಿದಂತಾಯಿತು. ಹಾಗಾಗಿ ಡಬ್ಬಿಯ ಮೇಲೆ 4ಕೆ ಇದೆಯೇ ಅಂತ ನೋಡುವುದು ವ್ಯರ್ಥ. 4ಕೆ ಪಕ್ಕದಲ್ಲಿ 60 ಹರ್ಟ್ಸ್, 18 ಗಿಗಾಬಿಟ್ ಅಂತ ಇದೆಯೇ ನೋಡಿ. ಇಲ್ಲದಿದ್ದರೆ 30 ಅಂತಲೇ ತಿಳಿದುಕೊಳ್ಳಿ.

ಎರಡನೇ ಗೋಳು ಹೆಂಡತಿಯದ್ದು. ಸ್ಟಿಕ್ಕಿನ ಮೆನು ಚೆನ್ನಾಗಿ ಬರುತ್ತದೆ, ಸಿನಿಮಾ ಹಾಕಿದರೆ ಮಾತ್ರ ಮಬ್ಬು. ನಾವು ದುಡ್ಡು ಕೊಡುವುದು 4ಕೆ ಪ್ಲಾನಿಗೆ, ಬರುವುದು ಅದಕ್ಕಿಂತ ಕಡಿಮೆಯದು. ಇದು ಪೈಪಿನ ತಪ್ಪಲ್ಲ, ಬೀಗದ ತಪ್ಪು. ಸಿನಿಮಾ ಕದಿಯದಂತೆ ಎಚ್‌ಡಿಸಿಪಿ ಅಂತ ಒಂದು ಬೀಗ ಇರುತ್ತದೆ. 4ಕೆ ಸಿನಿಮಾಗಳಿಗೆ ಅದರ 2.2ನೇ ಆವೃತ್ತಿ ಬೇಕು. ಸ್ಟಿಕ್ಕಿಗೂ ಟಿವಿಗೂ ಅದು ಗೊತ್ತು, ನಡುವೆ ಕೂತ 350 ರೂಪಾಯಿಯ ದ್ವಾರಪಾಲಕನಿಗೆ ಗೊತ್ತಿಲ್ಲ. ಆಗ ಆಪ್ ಒಂದೋ ಕಡಿಮೆ ದರ್ಜೆಯ ಚಿತ್ರ ಕಳಿಸುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಪತ್ತೆ ಹಚ್ಚುವುದು ಸುಲಭ. ಮೆನು ಸರಿ ಇದ್ದು ಸಿನಿಮಾ ಮಾತ್ರ ಕೆಟ್ಟರೆ ಮೊದಲು ಬೀಗವನ್ನು ಅನುಮಾನಿಸಿ. ಮೆನುವಿನಲ್ಲೂ ಬಿಳಿ ಚುಕ್ಕೆ ಮಿಣುಕುತ್ತಿದ್ದರೆ, ಆಗಾಗ ಪರದೆ ಕಪ್ಪಾಗಿ ಎರಡು ಸೆಕೆಂಡಿಗೆ ಮತ್ತೆ ಬಂದರೆ, ಅದು ಪೈಪಿನ ತೊಂದರೆ, ಅಂದರೆ ಸ್ವಿಚ್ ಅಥವಾ ಕೇಬಲ್.

ಮೂರನೆಯದು ಅಮ್ಮನದ್ದು, ಅದೇ ನನಗೆ ಮುಖ್ಯ. ಅಮ್ಮ ಟಿವಿ ಹಾಕಿ ಧಾರಾವಾಹಿ ಶುರುವಾಗಿ ಅರ್ಧ ನಿಮಿಷ ಆಗುವಷ್ಟರಲ್ಲಿ ಚಿತ್ರ ತಾನಾಗಿ ಹಾರಿ ಸ್ಟಿಕ್ಕಿನ ಮೆನು ಬರುತ್ತಿತ್ತು. "ನಾನು ಎಂತದೂ ಒತ್ತಲಿಲ್ಲ ಮಗಾ" ಅಂತ ಪಾಪ, ತಪ್ಪು ತನ್ನದೇ ಎಂಬಂತೆ ಹೇಳುತ್ತಿದ್ದಳು. ಈ ಡಬ್ಬಿಗೆ ತಾನಾಗಿ ಬದಲಾಗುವ ಚಟ. ಹೊಸದಾಗಿ ಯಾರು ಎಚ್ಚರವಾದರೋ ಅವರ ಕಡೆಗೆ ತಿರುಗುತ್ತದೆ. ನಮ್ಮ ಸ್ಟಿಕ್ಕಿಗೆ ಕರೆಂಟ್ ಕೊಟ್ಟದ್ದು ಟಿವಿಯ ಯುಎಸ್‌ಬಿಯಿಂದ. ಟಿವಿ ಆಫಾದರೆ ಸ್ಟಿಕ್ ಸಾಯುತ್ತದೆ, ಆನಾದರೆ ಮೊದಲಿನಿಂದ ಎದ್ದು ಕಣ್ಣುಜ್ಜಿಕೊಂಡು ಅರ್ಧ ನಿಮಿಷಕ್ಕೆ ತಯಾರಾಗುತ್ತದೆ. ಆಗ ಡಬ್ಬಿ ಅಮ್ಮನನ್ನು ಬಿಟ್ಟು ಅದರ ಕಡೆ ಓಡುತ್ತದೆ. ಸ್ಟಿಕ್ಕಿಗೆ ಅದರದ್ದೇ ಅಡಾಪ್ಟರ್ ಹಾಕಿ ಗೋಡೆಯ ಪ್ಲಗ್ಗಿಗೆ ಕೊಟ್ಟೆ. ಓಟ ಬಹುಪಾಲು ನಿಂತಿತು. ಒಂದು ಪೈಸೆ ಖರ್ಚಿಲ್ಲ, ಆ ಅಡಾಪ್ಟರ್ ಮೊದಲ ದಿನದಿಂದ ಡ್ರಾಯರಿನಲ್ಲಿತ್ತು!

ಬಹುಪಾಲು ಅಂದೆ, ಪೂರ್ತಿ ಅಲ್ಲ. ಇಂಥ ಡಬ್ಬಿಗಳಿಗೆ ಸ್ವಂತ ಕರೆಂಟ್ ಇರುವುದಿಲ್ಲ. ಜೋಡಿಸಿದ ಯಂತ್ರಗಳ ಎಚ್‌ಡಿಎಂಐ ತಂತಿಯಲ್ಲೇ 5 ವೋಲ್ಟಿನ ಒಂದು ಎಳೆ ಬರುತ್ತದೆ, ಅದನ್ನು ಹೀರಿ ಬದುಕುತ್ತವೆ. ನಿಯಮದ ಪ್ರಕಾರ ಆ ಎಳೆಯಲ್ಲಿ ಪ್ರತಿ ಯಂತ್ರ ಕೊಡಲೇಬೇಕಾದದ್ದು 55 ಮಿಲಿಆಂಪಿಯರ್ ಮಾತ್ರ. ಭಿಕ್ಷೆಯ ಅನ್ನ. ಬಾಕ್ಸು ಮಲಗಿದಾಗ ಒಮ್ಮೆ, ಎದ್ದಾಗ ಒಮ್ಮೆ ಡಬ್ಬಿಗೆ ತಲೆ ತಿರುಗುವುದು ಅದರಿಂದ.

ಇಷ್ಟು ಕಲಿತ ಮೇಲೆ ಎರಡನೆಯದು ತಂದೆ, 1,400 ರೂಪಾಯಿ. 18 ಗಿಗಾಬಿಟ್, ಎಚ್‌ಡಿಸಿಪಿ 2.2, ಸ್ವಂತ ಅಡಾಪ್ಟರ್, ಪುಟ್ಟ ರಿಮೋಟು, ಮತ್ತು ತಾನಾಗಿ ಬದಲಾಗುವ ಚಟವನ್ನು ಬಂದ್ ಮಾಡುವ ಒಂದು ಗುಂಡಿ. ಈ ಕೊನೆಯದು ಇಲ್ಲದ ಸ್ವಿಚ್ಚನ್ನು ವಯಸ್ಸಾದವರಿರುವ ಮನೆಗೆ ತರಬೇಡಿ ಅನ್ನುವುದು ನನ್ನ ಹಠ.

ಇದರಲ್ಲೂ ಪ್ಲೇಸ್ಟೇಷನ್ ಹಾಕಿ ನೋಡಿದೆ, ಸುಳ್ಳು ಯಾಕೆ ಹೇಳಲಿ. 60 ಹರ್ಟ್ಸ್ ಬಂತು. ಮಗ ಕುಣಿದ. ಆದರೆ ಗಂಟೆಗೊಂದೆರಡು ಸಲ ಪರದೆ ಕಪ್ಪಾಗಿ ಬರುವುದು. 3 ಮೀಟರಿನ ಕೇಬಲ್ ತೆಗೆದು 1.5 ಮೀಟರಿನದು ಹಾಕಿದೆ, ಕಡಿಮೆಯಾಯಿತು, ನಿಲ್ಲಲಿಲ್ಲ. ಅದೇ ಮೆನುವಿನಲ್ಲಿ `4K Video Transfer Rate` ಅಂತ ಒಂದಿದೆ. ಅದನ್ನು `-2`ಕ್ಕೆ ಇಳಿಸಿದರೆ ಬಣ್ಣದ ಮಾಹಿತಿ ಕಡಿಮೆ ಹೋಗುತ್ತದೆ, ಹರಿವು ತಗ್ಗುತ್ತದೆ. ಇಳಿಸಿದೆ, ಕಪ್ಪಾಗುವುದು ಪೂರ್ತಿ ನಿಂತಿತು. ಅಂದರೆ ರೋಗ ಖಚಿತ: ಪೈಪು ತುಂಬಿ ತುಳುಕುತ್ತಿದೆ. ಪ್ಲೇಸ್ಟೇಷನ್ ಪೈಪಿನ ಕಂಠದವರೆಗೂ ತುಂಬಿಸಿ ಕಳಿಸುತ್ತದೆ. ಅಂಥಾ ಹರಿವಿಗೆ ನಡುವೆ ಒಂದು ಹೆಚ್ಚಿನ ಕೇಬಲ್, ಎರಡು ಹೆಚ್ಚಿನ ಜೋಡಣೆ ಅಂದರೆ ಅಷ್ಟೂ ಸೋರುವ ಜಾಗ. ಆಮೇಲೆ ಅದನ್ನು ಎತ್ತಿ ನೇರ ಟಿವಿಗೆ ಹಾಕಿ, ಇಳಿಸಿದ್ದನ್ನು ಮೊದಲಿನ ಹಾಗೆ ಇಟ್ಟೆ. ಅಂದಿನಿಂದ ಒಂದು ಸಲವೂ ಕಪ್ಪಾಗಿಲ್ಲ.

ಇಲ್ಲಿ ಒಂದು ಮೂಢನಂಬಿಕೆಗೂ ಗುದ್ದು ಕೊಡಬೇಕು. ಸ್ವಿಚ್ ಹಾಕಿದರೆ ಗೇಮಿನಲ್ಲಿ ಗುಂಡಿ ಒತ್ತಿದ್ದು ತಡವಾಗಿ ತಾಗುತ್ತದೆ ಅನ್ನುತ್ತಾರೆ. ಇಲ್ಲ. ಇಂಥ ಸ್ವಿಚ್ ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟುವುದಿಲ್ಲ, ಬಂದ ಸಿಗ್ನಲನ್ನು ಹಾಗೇ ಮುಂದೆ ದಾಟಿಸುತ್ತದೆ. ನಮಗೆ ತಿಳಿಯುವಂಥ ವಿಳಂಬ ಅದರಲ್ಲಿಲ್ಲ. ಕನ್ಸೋಲನ್ನು ನೇರ ಹಾಕಿ ಅನ್ನುವುದು ವೇಗಕ್ಕಲ್ಲ, ಹರಿವಿಗೆ. ಸರಿಯಾದ ಮಾತನ್ನೂ ತಪ್ಪು ಕಾರಣಕ್ಕೆ ಹೇಳಬಾರದು.

ಹಾಗಾದರೆ ಕೊನೆಗೆ ಪಂಕ್ತಿ ಹೀಗೆ. ಮೊದಲ ಪೋರ್ಟಿಗೆ ಪ್ಲೇಸ್ಟೇಷನ್, ನೇರ. ಎರಡನೆಯದು ಸೌಂಡ್‌ಬಾರಿನದ್ದು, ಅದನ್ನು ಮುಟ್ಟುವಂತಿಲ್ಲ. ಅದರ ಪಕ್ಕ ಎಆರ್‌ಸಿ ಅಂತ ಬರೆದಿರುತ್ತದೆ, ಟಿವಿಯ ಶಬ್ದ ಹೊರಗೆ ಹೋಗುವುದು ಆ ಒಂದು ಪೋರ್ಟಿನಿಂದಲೇ. ಸೌಂಡ್‌ಬಾರನ್ನು ಸ್ವಿಚ್ಚಿಗೆ ಹಾಕಿ ಅಲ್ಲಿಂದ ಟಿವಿಗೆ ಕೊಡೋಣ ಅಂತ ಬುದ್ಧಿ ಓಡಿಸಬೇಡಿ, ಸಾಮಾನ್ಯ ಸ್ವಿಚ್ಚುಗಳು ಶಬ್ದವನ್ನು ಹಿಮ್ಮುಖವಾಗಿ ಬಿಡುವುದಿಲ್ಲ. ಮೂರನೆಯದಕ್ಕೆ ಸ್ವಿಚ್, ಅದರಲ್ಲಿ 1 ಅಮ್ಮನ ಬಾಕ್ಸು, 2 ಸ್ಟಿಕ್ಕು. ಇವೆರಡರ ಶಬ್ದ ಟಿವಿಗೆ ಹೋಗಿ ಅಲ್ಲಿಂದ ಸೌಂಡ್‌ಬಾರಿಗೆ ಬರುತ್ತದೆ, ಏನೂ ತೊಂದರೆಯಿಲ್ಲ. ಕೆಲವು ಟಿವಿಗಳಲ್ಲಿ ಪ್ರತಿ ಪೋರ್ಟಿಗೂ ಪೂರ್ತಿ ಹರಿವನ್ನು ಟಿವಿಯ ಮೆನುವಿನಲ್ಲಿ ತೆರೆದುಕೊಡಬೇಕು, ಒಂದೊಂದು ಕಂಪೆನಿ ಅದಕ್ಕೊಂದೊಂದು ಹೆಸರಿಟ್ಟಿದೆ. ಸ್ವಿಚ್ಚನ್ನು ಬೈಯುವ ಮೊದಲು ಅದನ್ನೂ ನೋಡಿಬಿಡಿ.

ಸ್ಟಿಕ್ ಸ್ವಿಚ್ಚಿನಲ್ಲಿದ್ದರೆ ಪರವಾಗಿಲ್ಲವೇ, ಅದೂ 4ಕೆ ಅಲ್ಲವೇ ಅಂತ ಕೇಳುವಿರಿ. ನಾನೂ ಹೆದರಿದ್ದೆ. ತಿಂಗಳುಗಟ್ಟಲೆ ನೋಡಿದೆ, ಒಮ್ಮೆಯೂ ಕಪ್ಪಾಗಲಿಲ್ಲ. ಆಗಿದ್ದರೂ ಉಪಾಯವಿತ್ತು. ಸಿನಿಮಾ ಸೆಕೆಂಡಿಗೆ 24 ಚಿತ್ರ ಮಾತ್ರ, ಸ್ಟಿಕ್ಕಿನ ಹರಿವನ್ನು ಸ್ವಲ್ಪ ಇಳಿಸಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಮಗನ ಆಟಕ್ಕೆ ಆ ಮಾತು ಹೇಳಲಾಗುವುದಿಲ್ಲ.

ಅಕ್ಕನ ಮಗನಿಗೂ ನ್ಯಾಯ ಸಲ್ಲಿಸಬೇಕು. 120 ಹರ್ಟ್ಸಿನ ಟಿವಿ ಇದ್ದು, ಎರಡು ಕನ್ಸೋಲು, ಮೇಲೊಂದು ಗೇಮಿಂಗ್ ಕಂಪ್ಯೂಟರ್ ಇರುವವರಿಗೆ ನನ್ನ 1,400ರ ಡಬ್ಬಿ ಸಾಲದು. ಅವರಿಗೆ ಬೇಕಾದ್ದು 2017ರ ಎಚ್‌ಡಿಎಂಐ 2.1, ಅದರ ಪೈಪು 48 ಗಿಗಾಬಿಟ್‌ವರೆಗಿನದ್ದು. ಅಷ್ಟನ್ನು ನಿಜವಾಗಿ ದಾಟಿಸುವ ಸ್ವಿಚ್ ಅಗ್ಗವಲ್ಲ. ಇನ್ನೊಂದು ತುದಿಯಲ್ಲಿ, ಮನೆಯಲ್ಲಿರುವುದು 32 ಇಂಚಿನ ಹಳೇ ಟಿವಿ, 4ಕೆ ಅಲ್ಲವೇ ಅಲ್ಲ ಅನ್ನುವವರಿಗೆ ನನ್ನ ಮೊದಲ 350ರ ಡಬ್ಬಿಯೇ ಸಾಕು, ಕನ್ಸೋಲನ್ನೂ ಅದಕ್ಕೇ ಹಾಕಿ. 4.5ರ ಹರಿವಿಗೆ 10ರ ಪೈಪು ಧಾರಾಳ. ಅವರಿಗೆ ದುಬಾರಿಯದು ಮಾರುವವನೂ ಹೊಸ ಟಿವಿ ಮಾರಲು ಹೊರಟವನ ತಮ್ಮನೇ.

ಟಿವಿ ಕಂಪೆನಿಗಳ ಮೇಲಿರುವ ಸಿಟ್ಟು ಮಾತ್ರ ಇಳಿದಿಲ್ಲ. ಚಿಕ್ಕ ಟಿವಿ ಅಂದ ಕೂಡಲೇ ಅದರ ಹಿಂದೆ ಎರಡೇ ಪೋರ್ಟು ಸಾಕು ಅಂತ ತೀರ್ಮಾನಿಸಿದವರು ಯಾರು? ಚಿಕ್ಕ ಮನೆಯಲ್ಲಿ ಜನ ಕಡಿಮೆ ಅಂತ ಇವರಿಗೆ ಹೇಳಿದ್ದು ಯಾರು? ಮುಂಬಯಿಯ ಒಂದು ರೂಮು ಕಿಚನ್ನಿಗೆ ಬಂದು ನೋಡಲಿ. ಮೂರು ತಲೆಮಾರು ಒಂದೇ ಪರದೆಯ ಮುಂದೆ ಕೂತಿರುವುದು ಅಲ್ಲೇ.

ಈಗ ಸ್ವಿಚ್ಚಿನ ರಿಮೋಟಿನಲ್ಲಿ 1ನೇ ಗುಂಡಿಯ ಮೇಲೆ ಹೆಂಡತಿಯ ಕೆಂಪು ನೈಲ್‌ಪಾಲಿಶಿನ ಒಂದು ಚುಕ್ಕೆ ಇದೆ. ಟಿವಿ ಸದಾ ಮೂರನೇ ಪೋರ್ಟಿಗೇ ನಿಂತಿರಬೇಕು, ಆಟ ಮುಗಿದ ಮೇಲೆ ಅದನ್ನು ಅಲ್ಲಿಗೆ ತರುವುದು ಮಗನ ಜವಾಬ್ದಾರಿ. ಮರೆತರೆ ಮರುದಿನ ಪ್ಲೇಸ್ಟೇಷನ್ ಬಂದ್, ಅದು ಕಾನೂನು. ಕೆಂಪು ಚುಕ್ಕೆ ಒತ್ತಿದ ಮೇಲೆ ಎರಡು ಮೂರು ಸೆಕೆಂಡು ಪರದೆ ಕಪ್ಪಾಗಿರುತ್ತದೆ, ಯಂತ್ರಗಳು ಒಂದನ್ನೊಂದು ಗುರುತು ಹಿಡಿಯುವ ಹೊತ್ತು ಅದು. ಅಮ್ಮನಿಗೆ ಮೊದಲ ದಿನ ಅದನ್ನು ಹೇಳಿಕೊಡಬೇಕಾಯಿತು, ಇಲ್ಲದಿದ್ದರೆ ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತುತ್ತಿದ್ದಳು. "ಒತ್ತಿ, ಮೂರು ಎಣಿಸಿ" ಅಂದೆ.

ನಿನ್ನೆ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದಾಗ ಹಿಂದೆ ಧಾರಾವಾಹಿಯ ಅತ್ತೆ ಸೊಸೆ ಜೋರಾಗಿ ಕನ್ನಡದಲ್ಲಿ ಜಗಳವಾಡುತ್ತಿದ್ದರು. "ಆಮೇಲೆ ಮಾಡು ಮಗಾ, ಈಗ ಪುರುಸೊತ್ತಿಲ್ಲ" ಅಂತ ಅಮ್ಮ ಫೋನಿಟ್ಟಳು. ನಲವತ್ತು ಸಾವಿರದ ಟಿವಿ ಇದಕ್ಕಿಂತ ಹೆಚ್ಚು ಏನು ಕೊಡುತ್ತಿತ್ತು, ನೀವೇ ಹೇಳಿ.